100 ಲೀಟರ್ ಹಾಲು ಮೊಸರಾದರೆ ಲೀಟರಿಗೆ ಕೈಗೆ ಉಳಿಯುವುದೆಷ್ಟು?

ಹೊಸಡೈರಿ

ನಮ್ಮದು ಚಿಕ್ಕ ಡೈರಿ. ದಿನಕ್ಕೆ 100 ಲೀಟರ್ ಹಾಲು. ಈಚೆಗೆ ಅಷ್ಟನ್ನೂ ಮೊಸರು ಮಾಡಿ ಅರ್ಧ ಕೆಜಿ ಕಪ್ಪಿನಲ್ಲಿ ಅಂಗಡಿಗಳಿಗೆ ಹಾಕುತ್ತಿದ್ದೇವೆ. ಬೆಲೆ ಒಂದೊಂದು ಕಡೆ ಒಂದೊಂದು ಇರುತ್ತದೆ, ಅದಕ್ಕೆ ದುಡ್ಡಿನ ಹೆಸರು ಬಿಟ್ಟು ಬರೀತೀನಿ. 1 ಲೀಟರ್ ಹಾಲನ್ನು ಹಾಲಾಗಿಯೇ ಮಾರಿದರೆ ಸಿಗುವುದು 100 ಅಂತ ಇಟ್ಟುಕೊಳ್ಳಿ. ಆ ಲೆಕ್ಕದಲ್ಲಿ ಒಂದು ಕಪ್ ಮೊಸರಿಗೆ ಅಂಗಡಿಯವರು ಕೊಡುವುದು 70.

ನನ್ನ ಲೆಕ್ಕ ಹೀಗಿದೆ. 100 ಲೀಟರಿಗೆ 200 ಕಪ್, ಅಂದರೆ 14,000. ಅದರಲ್ಲಿ ಹಾಲು 10,000, ಗ್ಯಾಸ್ 400, ಕಪ್ಪು ಮುಚ್ಚಳ ಲೇಬಲ್ ಸೇರಿ 1,000. ಉಳಿಯುವುದು 2,600. ಲೀಟರಿಗೆ 26. ಹೆಪ್ಪು ಮನೆಯದೇ, ಅದಕ್ಕೇನೂ ಹಾಕಿಲ್ಲ.

ತಿಂಗಳ ಕೊನೆಗೆ ನೋಡಿದರೆ ಗಲ್ಲಾಪೆಟ್ಟಿಗೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಕಳ್ಳತನ ಅಂತೂ ಇಲ್ಲ, ಇರೋರು ನಾವಿಬ್ಬರೇ. ಎಲ್ಲಿ ಹೋಗ್ತಿದೆ?

ಲೆಕ್ಕದವ

ಹೆಪ್ಪಿಗೆ ಏನೂ ಹಾಕಿಲ್ಲ ಅಂದ್ರಲ್ಲ, ಅಲ್ಲೇ ಇದೆ ನೋಡಿ. 100 ಲೀಟರಿಗೆ 2 ಕೆಜಿ ಹೆಪ್ಪು ಬೇಕಲ್ವಾ? ದಿನಾ 2 ಕೆಜಿ ಮೊಸರು ಅಂದರೆ 4 ಕಪ್, 280. ತಿಂಗಳಿಗೆ ಎಷ್ಟಾಯ್ತು! ಕೂಲಿಯನ್ನೂ ಸೇರಿಸಿಲ್ಲ ನೀವು.

ತಕ್ಕಡಿಮಾವ

ಲೆಕ್ಕದ ಮೊದಲ ಸಾಲೇ ನನಗೆ ಅನುಮಾನ. 200 ಕಪ್ ಅಂತ ಬರೆದಿದ್ದೀರಿ. ಅದು ಎಣಿಸಿದ್ದೋ, ಗುಣಿಸಿದ್ದೋ? ನಿನ್ನೆ ನಿಜವಾಗಿ ಎಷ್ಟು ಕಪ್ ತುಂಬಿದವು ಹೇಳಿ. ಹಾಲು ಕಾಯಿಸುವ ಪಾತ್ರೆಗೆ ಮುಚ್ಚಳ ಇದೆಯಾ? ಕಪ್ಪಿಗೆ ತುಂಬುವುದು ಸೌಟಿನಲ್ಲೋ, ತೂಕ ನೋಡಿಯೋ?

ಹೊಸಡೈರಿ

ಗುಣಿಸಿದ್ದೇ ಮಾವ. ನಿನ್ನೆ ಎಣಿಸಿದರೆ 187 ಇತ್ತು. ಪಾತ್ರೆ ತೆರೆದಿರುತ್ತದೆ, ಅರ್ಧ ಗಂಟೆ ಕಾಯಿಸ್ತೀವಿ. ತುಂಬುವುದು ಅಳತೆಯ ಸೌಟಿನಲ್ಲಿ, ಕಮ್ಮಿ ಆಗಬಾರದು ಅಂತ ಸ್ವಲ್ಪ ಮೇಲೆಯೇ ಹಾಕ್ತೀವಿ.

ಮನೆಮೊಸರು

ನನ್ನದೂ ಇದೇ ಸಮಸ್ಯೆ. ಮೊಸರು ಗಟ್ಟಿಯಾಗಿಯೇ ಬರಲ್ಲ, ಮೇಲೆ ನೀರು ನಿಲ್ಲುತ್ತದೆ. ಹೆಪ್ಪು ಜಾಸ್ತಿ ಹಾಕಿದರೆ ಸರಿ ಹೋಗುತ್ತಾ?

ತಕ್ಕಡಿಮಾವ

ಮನೆಮೊಸರು ಅವರೇ, ಇಲ್ಲಿ ನಡೀತಿರೋದು ದುಡ್ಡಿನ ಮಾತು. ಆದರೂ ಹೇಳ್ತೀನಿ: ಹೆಪ್ಪು ಜಾಸ್ತಿಯಾದರೆ ಹುಳಿ ಬೇಗ ಬರುತ್ತದೆ, ನೀರು ಇನ್ನೂ ಜಾಸ್ತಿ ಬಿಡುತ್ತದೆ. ಹಾಲನ್ನು 85ರಿಂದ 90 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಹಿಡಿದು ಕಾಯಿಸಿ, ನೀರು ಬಿಡುವುದು ಕಮ್ಮಿಯಾಗುತ್ತದೆ.

ಈಗ ಹೊಸಡೈರಿ ಅವರ 13 ಕಪ್ ಎಲ್ಲಿ ಹೋಯ್ತು ಅಂತ ತೂಕದಲ್ಲಿ ನೋಡೋಣ. 100 ಲೀಟರ್ ಹಾಲು ಸುಮಾರು 103 ಕೆಜಿ ತೂಗುತ್ತದೆ. ಅಂದರೆ ನೀವು ಶುರು ಮಾಡುವುದೇ 3 ಕೆಜಿ ಲಾಭದಲ್ಲಿ. ಆದರೂ 200 ಕಪ್ ಬರಲಿಲ್ಲ. ತೆರೆದ ಪಾತ್ರೆಯಲ್ಲಿ ಅರ್ಧ ಗಂಟೆ ಕಾಯಿಸಿದರೆ 5 ಕೆಜಿ ಆವಿಯಾಗಿ ಹೋಗುವುದು ದೊಡ್ಡ ಮಾತಲ್ಲ. ಉಳಿದದ್ದು 98. ಹೆಪ್ಪು 2 ಕೆಜಿ ಸೇರಿತು, 100. ತಳ ಹಿಡಿದದ್ದು, ಪಾತ್ರೆಗೆ, ಸೌಟಿಗೆ ಅಂಟಿದ್ದು ಎಲ್ಲಾ ಸೇರಿ ಒಂದೂವರೆ ಕೆಜಿ ಕಳೆಯಿರಿ. 98.5. ನಾಳೆಯ ಹೆಪ್ಪಿಗೆ 2 ಕೆಜಿ ಎತ್ತಿಟ್ಟರೆ ಕಪ್ಪಿಗೆ ಬಂದದ್ದು 96.5 ಕೆಜಿ.

ಇದು ಸರಿಯಾಗಿ 500 ಗ್ರಾಂ ತುಂಬಿದ್ದರೆ 193 ಕಪ್ ಆಗಬೇಕಿತ್ತು. ನಿಮಗೆ ಬಂದದ್ದು 187. ಅಂದರೆ ಒಂದೊಂದು ಕಪ್ಪಿನಲ್ಲೂ ಸುಮಾರು 515 ಗ್ರಾಂ ಇದೆ. ಸೌಟಿನ ಮೇಲೆ ನೀವು ಬಿಡುವ ಆ 'ಸ್ವಲ್ಪ' ದಿನಕ್ಕೆ 6 ಕಪ್. ಖಾಲಿ ಕಪ್ಪಿನ ಖರ್ಚು ಕಳೆದರೂ 390. ಸುಮ್ನೆ ಕೊಟ್ಟುಬಿಡ್ತಿದ್ದೀರಿ. ತೂಕದಲ್ಲಿ ಕಮ್ಮಿ ಕೊಡಿ ಅಂತ ಅಲ್ಲ, ತೂಕ ನೋಡಿ ಕೊಡಿ ಅಂತ. ಒಂದು ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಖಾಲಿ ಕಪ್ ಇಟ್ಟು ಸೊನ್ನೆ ಮಾಡಿಕೊಂಡು ತುಂಬಿ. 502, 503ಕ್ಕೆ ನಿಲ್ಲಿಸೋದು ಕೈಗೆ ಬೇಗ ಅಭ್ಯಾಸ ಆಗುತ್ತದೆ.

ಹೆಪ್ಪಿನಕ್ಕ

ಲೆಕ್ಕದವ ಅವರ ಮಾತು ಅರ್ಧ ಸರಿ. ಕೂಲಿ ಬಿಟ್ಟಿದ್ದಾರೆ ಅನ್ನೋದು ನಿಜ. ಹೆಪ್ಪಿನ ವಿಷಯ ಹಾಗಲ್ಲ. ದಿನಾ 2 ಕೆಜಿ ಎತ್ತಿಡ್ತಾರೆ, ದಿನಾ 2 ಕೆಜಿ ಹಾಲಿಗೆ ಸೇರಿಸ್ತಾರೆ. ಮಾವ ಬರೆದ ತೂಕದಲ್ಲೇ ನೋಡಿ, ಒಳಗೆ ಬಂದ 2, ಹೊರಗೆ ಹೋದ 2. ನಷ್ಟ ಆಗಿದ್ದರೆ ಮೊದಲ ದಿನ ಮಾತ್ರ.

ಹೆಪ್ಪಿನ ನಿಜವಾದ ಖರ್ಚು ಬೇರೆ ಕಡೆ ಇದೆ. ದಿನವೂ ನಿನ್ನೆಯ ಮೊಸರನ್ನೇ ಹಾಕುತ್ತಾ ಹೋದರೆ ಅದರ ಗುಣ ನಿಧಾನಕ್ಕೆ ಬದಲಾಗುತ್ತದೆ. ಹುಳಿ ಜಾಸ್ತಿ ಮಾಡುವ ಜಾತಿ ಮೇಲುಗೈ ಆಗುತ್ತದೆ, ಗಾಳಿಯಿಂದ ಕೈಯಿಂದ ಬೇಡದ್ದೂ ಸೇರುತ್ತದೆ. ಮೊದಲು 4-5 ಗಂಟೆಗೆ ಹೆಪ್ಪುಗಟ್ಟುತ್ತಿದ್ದದ್ದು ಆರು ಏಳು ಗಂಟೆ ತೆಗೆದುಕೊಂಡರೆ, ಇಲ್ಲಾ ಮೊಸರು ಎಳೆ ಎಳೆಯಾಗಿ ಸೌಟಿಗೆ ಬಂದರೆ ಹೆಪ್ಪು ಹಳತಾಗಿದೆ ಅಂತ ತಿಳೀರಿ. ನಾನು ವಾರಕ್ಕೊಮ್ಮೆ ಹೊಸ ಕಲ್ಚರ್ ಪ್ಯಾಕೆಟ್‌ನಿಂದ ಒಂದು ಲೀಟರ್ ಹೆಪ್ಪು ಮಾಡಿ ಅದರಿಂದ ಮುಂದುವರಿಸ್ತೀನಿ. ಅದಕ್ಕೆ ಲೀಟರ್ ಹಾಲಿನ ಮೇಲೆ ಅರ್ಧಕ್ಕಿಂತ ಜಾಸ್ತಿ ಬೀಳಲ್ಲ, 100 ಲೀಟರಿಗೆ 50 ಅಂತ ಇಟ್ಟುಕೊಳ್ಳಿ.

ಇನ್ನೊಂದು. ಕಪ್ಪಿನಲ್ಲೇ ಹೆಪ್ಪುಗಟ್ಟಿಸುವವರಿಗೆ ಒಂದು ದಿನ ಕೆಟ್ಟರೆ ಹಾಲಿನ ಜೊತೆ ಅಷ್ಟೂ ಕಪ್ಪು, ಲೇಬಲ್ಲು ಹೋಗುತ್ತದೆ. ಕೆಚ್ಚಲು ಬಾವಿಗೆ ಔಷಧಿ ಕೊಟ್ಟ ಹಸುವಿನ ಹಾಲು ಒಂದು ಕ್ಯಾನ್ ಸೇರಿದರೂ ಹೆಪ್ಪು ಏಳಲ್ಲ. ಹಾಲು ಹಾಲಾಗಿಯೇ ಕೂತಿರುತ್ತದೆ. ಬೇರೆಯವರಿಂದ ಹಾಲು ತಗೊಳ್ತಿದ್ದರೆ ಒಂದೊಂದು ಕ್ಯಾನಿನಿಂದ ಒಂದು ಲೋಟ ತೆಗೆದು ಕಾಯಿಸಿ, ಆರಿಸಿ, ಹೆಪ್ಪು ಹಾಕಿ ಬೇರೆ ಇಡಿ. ಉಳಿದವೆಲ್ಲ ಗಟ್ಟಿಯಾಗಿ ಒಂದು ಮಾತ್ರ ನೀರಾಗಿದ್ದರೆ ಯಾವ ಕ್ಯಾನ್ ಅಂತ ಗೊತ್ತಾಗುತ್ತದೆ.

ಹೊಸಡೈರಿ

ಹಾಲು ಎಲ್ಲಾ ನಮ್ಮದೇ ಅಕ್ಕ, ಔಷಧಿ ಕೊಟ್ಟ ಹಸುವಿನದು ಬೇರೆ ಇಡ್ತೀವಿ. ಸರಿ, 187 ಕಪ್ಪಿನ ಮೇಲೆ ಮತ್ತೆ ಲೆಕ್ಕ ಹಾಕಿದೆ. ಬಂದದ್ದು 13,090. ಹಾಲು 10,000, ಗ್ಯಾಸ್ 400, ಪ್ಯಾಕಿಂಗ್ ಕಪ್ಪಿಗೆ 5ರಂತೆ 935, ಕಲ್ಚರ್ 50, ತಣ್ಣಗಿಡುವ ಕರೆಂಟ್ 150, ಇಬ್ಬರ ಕೆಲಸಕ್ಕೆ 600. ಒಟ್ಟು 12,135. ಉಳಿದದ್ದು 955. ಲೀಟರಿಗೆ ಒಂಬತ್ತೂವರೆ.

26 ಇದ್ದದ್ದು ಒಂಬತ್ತೂವರೆಗೆ ಬಂತು. ಆದರೆ ನಮಗೆ ಅದೂ ಕಾಣ್ತಿಲ್ಲ. ಆರೇಳು ಸಿಕ್ಕರೆ ಹೆಚ್ಚು.

ತಕ್ಕಡಿಮಾವ

ಉಳಿಕೆ ಎಲ್ಲಿ ಬರೆದಿದ್ದೀರಿ?

ಹೊಸಡೈರಿ

ಅಂಗಡಿಯವರು ವಾರಕ್ಕೊಮ್ಮೆ ವಾಪಸ್ ಕೊಡ್ತಾರೆ. ಮುಂದಿನ ಬಿಲ್ಲಿನಲ್ಲಿ ಕಳೀತೀವಿ. ದಿನಕ್ಕೆ ಹಾಕಿದರೆ ನಾಲ್ಕು, ಐದು, ಕೆಲವು ವಾರ ಹತ್ತು ಕಪ್ಪಿನವರೆಗೂ ಆಗಬಹುದು. ಬೇರೆ ಬರೆದಿಟ್ಟಿಲ್ಲ.

ತಕ್ಕಡಿಮಾವ

ಗಂಟು ಇರೋದು ಇಲ್ಲೇ. ಕಪ್ ಕೊಟ್ಟ ದಿನವೇ ಮಾರಾಟ ಅಂತ ಬರೆದುಕೊಳ್ತೀರಿ, ವಾಪಸ್ ಬಂದಾಗ ಮುಂದಿನ ವಾರದ ಬಿಲ್ಲಿನಲ್ಲಿ ಸದ್ದಿಲ್ಲದೆ ಕಳೆದುಹೋಗುತ್ತದೆ. ಯಾವ ದಿನದ ಕಪ್ಪು, ಯಾವ ಅಂಗಡಿಯದ್ದು ಅನ್ನೋದೇ ಗೊತ್ತಾಗಲ್ಲ.

ವಾಪಸ್ ಬಂದ ಒಂದು ಕಪ್ಪಿನಲ್ಲಿ ನಿಮ್ಮ ಎಲ್ಲಾ ಖರ್ಚೂ ಆಗಿ ಹೋಗಿದೆ. ಹಾಲು, ಗ್ಯಾಸು, ಕಪ್ಪು, ಕರೆಂಟು. ಹಾಗಾಗಿ ಉಳಿದ ಪ್ರತಿ ಕಪ್ಪಿಗೂ ಲಾಭದಿಂದ ಪೂರ್ತಿ 70 ಕಳೀಬೇಕು. 955ರಲ್ಲಿ 70ರಂತೆ ಕಳೀತಾ ಹೋಗಿ. 13 ಕಪ್ ಉಳಿದರೆ ಕೈಗೆ 45. 14 ಆದರೆ ನಷ್ಟ. 187ರಲ್ಲಿ 14 ಅಂದರೆ ನೂರಕ್ಕೆ ಏಳೂವರೆ. ನೂರಕ್ಕೆ 93 ಮಾರಾಟವಾಗಿದೆ ಅಂತ ಖುಷಿಪಡುವ ಡೈರಿಯವನಿಗೆ ಆ ದಿನ ಕೂಲಿ ಬಿಟ್ಟು ಹೆಚ್ಚುಕಮ್ಮಿ ಏನೂ ಹುಟ್ಟಿಲ್ಲ.

ಲೆಕ್ಕದವ

ಒಪ್ಪಿದೆ ಮಾವ. ಹೆಪ್ಪಿನ ಲೆಕ್ಕ ಅಕ್ಕ ಹೇಳಿದ್ದು ಸರಿ. ಆದರೆ ವಾಪಸ್ ಬಂದ ಮೊಸರನ್ನು ಮಜ್ಜಿಗೆ ಮಾಡಿ ಮಾರಬಹುದಲ್ಲ? ಬೆಣ್ಣೆ ತೆಗೀಬಹುದು. ಪೂರ್ತಿ 70 ಯಾಕೆ ಕಳೀಬೇಕು?

ಹೆಪ್ಪಿನಕ್ಕ

ಅಂಗಡಿಯಿಂದ ವಾಪಸ್ ಬಂದದ್ದನ್ನು ಬೇಡ. ಅದು ಅಲ್ಲಿ ಎಷ್ಟು ಹೊತ್ತು ಹೊರಗಿತ್ತು, ಮುಚ್ಚಳ ಯಾರು ಒತ್ತಿದರು, ನಮಗೇನು ಗೊತ್ತು? ಅದನ್ನು ಮತ್ತೆ ತಿನ್ನುವವರ ಬಾಯಿಗೆ ಕಳಿಸೋದು ನನ್ನ ಮಟ್ಟಿಗೆ ಮುಗಿದ ಮಾತು.

ನಮ್ಮ ಕೋಲ್ಡ್ ರೂಮ್ ದಾಟದೇ ಉಳಿದದ್ದನ್ನು ಮಾಡಬಹುದು. ಆದರೆ ಎಷ್ಟು ಸಿಗುತ್ತದೆ ನೋಡಿ. 15 ಕಪ್ ಅಂದರೆ 7.7 ಕೆಜಿ ಮೊಸರು. ಕೊಬ್ಬು ನೂರಕ್ಕೆ 3.7 ಅಂತ ಹಿಡಿದರೆ ಒಳಗಿರುವುದು 285 ಗ್ರಾಂ. ಕಡೆದಾಗ ಸ್ವಲ್ಪ ಮಜ್ಜಿಗೆಯಲ್ಲೇ ಉಳಿಯುತ್ತದೆ. ಕೈಗೆ ಬರುವ ಬೆಣ್ಣೆ ಹೆಚ್ಚೆಂದರೆ 300 ಗ್ರಾಂ. ಕಪ್ ಬಿಚ್ಚಿ, ಸುರಿದು, ಕಡೆದು, ತೊಳೆದು ಇಷ್ಟು. ನನ್ನ ಅಂದಾಜಿನಲ್ಲಿ ಒಂದು ಕಪ್ಪಿನಿಂದ 20 ವಾಪಸ್ ಬಂದರೆ ಪುಣ್ಯ. ಆಗಲೂ ಕಪ್ಪಿಗೆ 50 ಹೋಗುತ್ತದೆ. ನಷ್ಟದ ಗೆರೆ 14ರಿಂದ 20 ಕಪ್ಪಿಗೆ ಸರಿಯುತ್ತದೆ, ಅಷ್ಟೇ.

ಕ್ಯಾನ್ ಕಾಕಾ

ನಾವು ಕಪ್ಪಿನ ಸಹವಾಸವೇ ಬಿಟ್ಟೆವು. 10 ಕೆಜಿ ಕ್ಯಾನಿನಲ್ಲಿ ಕ್ಯಾಂಟೀನುಗಳಿಗೆ, ಹಿಂದಿನ ದಿನ ಆರ್ಡರ್ ಬಂದಷ್ಟೇ. ನಿಮ್ಮ ಅಳತೆಯಲ್ಲಿ ಕೆಜಿಗೆ 120 ಅಂತ ಇಟ್ಟರೆ 96.5 ಕೆಜಿಗೆ 11,580. ಪ್ಯಾಕಿಂಗ್ ಖರ್ಚಿಲ್ಲ, ಹಾಗಾಗಿ ಖರ್ಚು 11,200. ಉಳಿಯುವುದು 380. ಲೀಟರಿಗೆ ನಾಲ್ಕೂ ಇಲ್ಲ. ಆದರೆ ಒಂದು ಸೌಟೂ ವಾಪಸ್ ಬರಲ್ಲ. ರಾತ್ರಿ ನಿದ್ದೆ ಬರುತ್ತದೆ.

ಒಂದು ತೊಂದರೆ ಇದೆ, ಕ್ಯಾಂಟೀನಿಗೆ ರಜೆ ಬಂದರೆ ನಮಗೂ ರಜೆ. ಹಸುವಿಗೆ ಗೊತ್ತಾಗಲ್ಲ ಅದು.

ತಕ್ಕಡಿಮಾವ

ಕಾಕಾ ಹೇಳಿದ್ದರಲ್ಲಿ ತೂಕ ಇದೆ. ದಿನಕ್ಕೆ 8 ಕಪ್ಪಿನ ಮೇಲೆ ವಾಪಸ್ ಬರುತ್ತಿದ್ದರೆ ಕಪ್ಪಿನವರಿಗಿಂತ ಕ್ಯಾನಿನವರೇ ಮುಂದೆ.

ಹೊಸಡೈರಿ, ನೀವು 100 ಲೀಟರನ್ನೂ ಮೊಸರು ಮಾಡಬೇಕಾ? ನೀವು ಹಾಲಿಗೆ 100 ಹಾಕಿದ್ದೀರಿ. ಆ 100 ಪೂರ್ತಿ 100 ಲೀಟರಿಗೂ ಸಿಗುತ್ತಿತ್ತಾ?

ಹೊಸಡೈರಿ

ಇಲ್ಲ ಮಾವ. 60 ಲೀಟರ್ ಮನೆ ಮನೆಗೆ ಹೋಗುತ್ತಿತ್ತು, ಅದಕ್ಕೆ 100. ಉಳಿದ 40ನ್ನು ಸಗಟು ಕೊಳ್ಳುವವರಿಗೆ 85ಕ್ಕೆ ಕೊಡ್ತಿದ್ದೆವು. ಮನೆಯವರು ಈಗಲೂ ಹಾಲು ಕೇಳ್ತಾರೆ.

ತಕ್ಕಡಿಮಾವ

ಹಾಗಾದರೆ ಆ 60 ಲೀಟರಿನ ತಂಟೆಗೆ ಹೋಗಬೇಡಿ. ಹಾಲಾಗಿ 100 ಸುಲಭಕ್ಕೆ ಸಿಗುವ ಹಾಲನ್ನು ಕಾಯಿಸಿ, ಹೆಪ್ಪು ಹಾಕಿ, ಕಪ್ಪಿಗೆ ತುಂಬಿ, ವಾಪಸ್ ಬರುತ್ತದೋ ಏನೋ ಅಂತ ಕಾಯುತ್ತಾ ಒಂಬತ್ತೂವರೆ ಹುಡುಕೋದು ಯಾಕೆ?

85ರ 40 ಲೀಟರ್ ಬೇರೆ ಕಥೆ. ಅಲ್ಲಿ ಹಾಲಿನ ಖರ್ಚೇ ಲೀಟರಿಗೆ 15 ಕಮ್ಮಿ. ಒಂಬತ್ತೂವರೆ ಇದ್ದದ್ದು 24.5 ಆಗುತ್ತದೆ. ಕೆಲಸ ಮಾತ್ರ ಅದೇ ಅನುಪಾತದಲ್ಲಿ ಇಳಿಯಲ್ಲ. ಪಾತ್ರೆ ತೊಳೆಯೋದು, ಕಾಯೋದು 40 ಲೀಟರಿಗೂ ಇದ್ದೇ ಇದೆ. 600ರ ಬದಲು 400 ಅಂದರೆ ಲೀಟರಿಗೆ 6 ಇದ್ದದ್ದು 10. ಆದ್ದರಿಂದ 20.5 ಅಂತ ಇಟ್ಟುಕೊಳ್ಳಿ. ಕಪ್ಪು ಸುಮಾರು 75. ಅದರಲ್ಲಿ 5 ಉಳಿದವು ಅನ್ನಿ, 350 ಹೋಯ್ತು, ಲೀಟರಿಗೆ ಎಂಟೂ ಮುಕ್ಕಾಲು. ಆಗಲೂ 11ರ ಮೇಲೆ ಕೈಗೆ ಸಿಗುತ್ತದೆ. 75 ಕಪ್ಪಿಗೆ ಜಾಗ ಹುಡುಕೋದು 187ಕ್ಕಿಂತ ಸುಲಭ, ಹಾಗಾಗಿ ಉಳಿಕೆಯೂ ಇಳಿಯಬೇಕು.

ಲೆಕ್ಕದವ

ಒಂದು ಪ್ರಶ್ನೆ. ಇಬ್ಬರೂ ಮನೆಯವರೇ ಕೆಲಸ ಮಾಡೋದು. ಕೂಲಿ ಯಾರಿಗೂ ಕೊಡ್ತಿಲ್ಲ. ಅದನ್ನು ಯಾಕೆ ಕಳೀತೀರಿ?

ತಕ್ಕಡಿಮಾವ

ಮೊಸರಿನ ಕೆಲಸ ಇಟ್ಟುಕೊಳ್ಳಬೇಕಾ ಬೇಡವಾ ಅಂತ ಯೋಚಿಸುವಾಗ ಕಳೆಯಲೇಬೇಕು. ಆ ಹೊತ್ತಿನಲ್ಲಿ ಬೇರೆ ಏನಾದರೂ ಮಾಡಬಹುದಿತ್ತಲ್ಲ. ಆದರೆ ಇವತ್ತು ಇನ್ನೂ ಹತ್ತು ಕಪ್ ಜಾಸ್ತಿ ತುಂಬೋಣವಾ ಅಂತ ಕೇಳಿಕೊಳ್ಳುವಾಗ ಕಳೀಬೇಡಿ, ಹತ್ತು ಕಪ್ಪಿಗೆ ಕೆಲಸವೇನೂ ಹೆಚ್ಚಲ್ಲ. ಹಾಲು 100ರ ಲೆಕ್ಕದಲ್ಲಿ, ಕೂಲಿ ಬಿಟ್ಟು, ಒಂದು ಕಪ್ಪಿನ ಖರ್ಚು ಸುಮಾರು 62. ಮಾರಾಟವಾದರೆ 8 ಸಿಗುತ್ತದೆ, ಉಳಿದರೆ 62 ಹೋಗುತ್ತದೆ. ಒಂದು ಉಳಿದ ಕಪ್ ಏಳೆಂಟು ಮಾರಿದ ಕಪ್ಪಿನ ಲಾಭ ನುಂಗುತ್ತದೆ. ಹತ್ತು ದಿನದಲ್ಲಿ ಒಂಬತ್ತು ದಿನ ಖಂಡಿತ ಹೋಗುತ್ತದೆ ಅನ್ನುವಷ್ಟು ಕಪ್ ಮಾತ್ರ ತುಂಬಿ. ಅಂಗಡಿಯವರು 'ಸಂಜೆಗೆ ಖಾಲಿ, ಇನ್ನೂ ನಾಲ್ಕು ಬೇಕಿತ್ತು' ಅಂದರೆ ಬೇಜಾರು ಮಾಡ್ಕೋಬೇಡಿ.

ಕ್ಯಾನ್ ಕಾಕಾ

ಅದನ್ನು ಒಪ್ಪಲ್ಲ ನಾನು. ಸಂಜೆ ಖಾಲಿ ಇದ್ದರೆ ಅಂಗಡಿಯವ ಬೇರೆಯವರ ಮೊಸರು ತಂದಿಡ್ತಾನೆ. ಒಂದು ಸಲ ಆ ಜಾಗ ಹೋದರೆ ಮತ್ತೆ ಸಿಗಲ್ಲ. ಶುರುವಿನಲ್ಲಿ ಸ್ವಲ್ಪ ಉಳಿದರೂ ಪರವಾಗಿಲ್ಲ, ಜಾಗ ಹಿಡೀಬೇಕು.

ತಕ್ಕಡಿಮಾವ

ಅದೂ ನಿಜವೇ. ಹಾಗಾದರೆ ಅದನ್ನು ಜಾಗದ ಬಾಡಿಗೆ ಅಂತ ಬೇರೆ ಬರೆದುಕೊಳ್ಳಲಿ, ಎಷ್ಟು ತಿಂಗಳು ಕೊಡೋದು ಅಂತ ಮೊದಲೇ ತೀರ್ಮಾನ ಮಾಡಲಿ.

ಹೆಪ್ಪಿನಕ್ಕ

ವಾಪಸ್ ಬಂದ ಕಪ್ಪನ್ನು ಎಸೆಯುವ ಮುಂಚೆ ಮುಚ್ಚಳ ತೆಗೆದು ನೋಡಿದ್ದೀರಾ ಹೊಸಡೈರಿ? ಜನ ಕೊಳ್ಳಲಿಲ್ಲ ಅಂತ ಉಳಿಯೋದು ಬೇರೆ, ಹುಳಿಯಾಗಿ ಬೇಡವಾಗಿ ಉಳಿಯೋದು ಬೇರೆ.

ಹೆಪ್ಪುಗಟ್ಟಿದ ಮೇಲೆ ಹೇಗೆ ತಣ್ಣಗೆ ಮಾಡ್ತೀರಿ? ಕ್ರೇಟ್ ಮೇಲೆ ಕ್ರೇಟ್ ಒತ್ತಾಗಿ ಇಟ್ಟಿದ್ದರೆ ಅಂಚಿನ ಕಪ್ ಬೇಗ ತಣ್ಣಗಾಗುತ್ತದೆ, ನಡುವಿನದು ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಅಷ್ಟು ಹೊತ್ತೂ ಹುಳಿ ಏರ್ತಾನೇ ಇರುತ್ತದೆ. ಒಳಗಿಟ್ಟು ಮೂರು ಗಂಟೆಯಾದ ಮೇಲೆ ಕೆಳಗಿನಿಂದ ಎರಡನೇ ಕ್ರೇಟಿನ ನಟ್ಟ ನಡುವಿನ ಕಪ್ ತೆಗೆದು ಥರ್ಮಾಮೀಟರ್ ಚುಚ್ಚಿ ನೋಡಿ. ಅಂಚಿನದನ್ನೂ ನೋಡಿ. ಎರಡನ್ನೂ ಎರಡು ದಿನ ಇಟ್ಟು ರುಚಿ ನೋಡಿ.

ಹೊಸಡೈರಿ

ನೋಡಿದೆ ಅಕ್ಕ. ಅಂಚಿನ ಕಪ್ 9 ಡಿಗ್ರಿ, ನಡುವಿನದು 24. ಎರಡು ದಿನ ಬಿಟ್ಟು ತೆಗೆದರೆ ಅಂಚಿನದು ಚೆನ್ನಾಗಿದೆ. ನಡುವಿನದರಲ್ಲಿ ಮೊಸರು ಕಪ್ಪಿನ ಗೋಡೆ ಬಿಟ್ಟು ಒಳಗೆ ಸರಿದಿದೆ, ಸುತ್ತ ಹಳದಿ ಹಸಿರು ನೀರು ನಿಂತಿದೆ. ಬಾಯಿಗಿಟ್ಟರೆ ಹಲ್ಲು ಜುಂ ಅನ್ನುತ್ತದೆ. ಅಂಗಡಿಯಿಂದ ವಾಪಸ್ ಬಂದವನ್ನೂ ಬಿಚ್ಚಿ ನೋಡಿದೆ, ಮುಕ್ಕಾಲು ಪಾಲು ಹೀಗೇ ಇದೆ.

ಹೆಪ್ಪಿನಕ್ಕ

ಹಾಗಾದರೆ ನಿಮ್ಮ ಉಳಿಕೆಯಲ್ಲಿ ಹೆಚ್ಚಿನದು ಮಾರಾಟದ ತೊಂದರೆ ಅಲ್ಲ, ಕೋಲ್ಡ್ ರೂಮಿನ ತೊಂದರೆ. ಕ್ರೇಟ್‌ಗಳ ನಡುವೆ ನಾಲ್ಕು ಬೆರಳು ಜಾಗ ಬಿಡಿ, ಮೊದಲ ಎರಡು ಗಂಟೆ ಒಂದರ ಮೇಲೊಂದು ಇಡಬೇಡಿ, ಒಂದು ಫ್ಯಾನ್ ತಿರುಗಿಸಿ ಗಾಳಿ ಓಡಾಡಲಿ. ಮೊಸರು ಪೂರ್ತಿ ಹುಳಿ ಬರೋವರೆಗೆ ಬೆಚ್ಚಗಿಡಬೇಡಿ. ಗಟ್ಟಿಯಾಗಿ ಇನ್ನೂ ಸಿಹಿ ಸಿಹಿ ಇದ್ದಾಗಲೇ ಒಳಗಿಡಿ, ತಣ್ಣಗಾಗುವಷ್ಟರಲ್ಲಿ ಉಳಿದ ಹುಳಿ ತಾನೇ ಬರುತ್ತದೆ. ಕಪ್ ಅಲುಗಾಡಿಸದೆ ಎತ್ತಿಡಿ.

ಹೊಸಡೈರಿ

ಮಾಡ್ತೀನಿ ಅಕ್ಕ. ಕಪ್ಪಿನ ಮೇಲೆ ತಾರೀಖಿನ ಜೊತೆ ಕ್ರೇಟಿನ ನಂಬರೂ ಬರೀತೀನಿ, ಯಾವುದು ವಾಪಸ್ ಬರುತ್ತದೆ ಗೊತ್ತಾಗಲಿ. ಮೊಸರು 40 ಲೀಟರಿಗೆ ಇಳಿಸ್ತೀನಿ. ಮಾವ, ಪಾತ್ರೆಗೆ ಮುಚ್ಚಳ ಹಾಕಿದರೆ?

ತಕ್ಕಡಿಮಾವ

100 ಲೀಟರಿಗೆ ಆವಿ 5 ಕೆಜಿ ಹೋಗುವ ಕಡೆ 2 ಹೋಗಬಹುದು. 3 ಕೆಜಿ ಉಳಿದರೆ 6 ಕಪ್. ನೀರನ್ನು ಆವಿ ಮಾಡುವುದಕ್ಕೇ ತುಂಬಾ ಶಾಖ ಬೇಕು, ಅದು ತಪ್ಪಿದರೆ ಗ್ಯಾಸೂ ಸ್ವಲ್ಪ ಉಳಿಯುತ್ತದೆ. 100 ಲೀಟರಿಗೆ 300 ಗ್ರಾಂ ಆಸುಪಾಸು.

ಹೆಪ್ಪಿನಕ್ಕ

ಮೊಸರು ತೆಳ್ಳಗಾಗುತ್ತದೆ ಮಾವ. ಹೋಗುತ್ತಿದ್ದದ್ದು ನೀರು, ಅದರಿಂದಲೇ ಗಟ್ಟಿ ಬರುತ್ತಿತ್ತು. ಕಪ್ ಓರೆ ಮಾಡಿದಾಗ ನಿಲ್ಲುವ ಮೊಸರಿಗೇ ಜನ 70 ಕೊಡ್ತಿರೋದು.

ತಕ್ಕಡಿಮಾವ

ಅರ್ಧ ಕೆಜಿ ಕೆನೆ ತೆಗೆದ ಹಾಲಿನ ಪುಡಿ ಹಾಕಿದರೆ ಅಷ್ಟೇ ಗಟ್ಟಿ ವಾಪಸ್ ಬರುತ್ತದೆ.

ಹೆಪ್ಪಿನಕ್ಕ

ಬರುತ್ತದೆ. ಲೇಬಲ್ಲಿನಲ್ಲಿ ಬರೀಬೇಕು, ಪುಡಿಯ ದುಡ್ಡಿನಲ್ಲಿ ಉಳಿಸಿದ್ದರ ಬಹುಪಾಲು ಹೋಗುತ್ತದೆ. ಬರೀ ಹಾಲಿನ ಮೊಸರು ಅಂತ ಹೇಳಿಕೊಂಡು ಮಾರುವವರಿಗೆ ಅದು ಆಗಲ್ಲ.

ಹೊಸಡೈರಿ

ನಾವು ಹಾಗೇ ಹೇಳಿಕೊಂಡು ಮಾರೋದು. ಒಂದು ದಿನ 20 ಲೀಟರ್ ಮುಚ್ಚಳ ಹಾಕಿ, 20 ಲೀಟರ್ ತೆರೆದು ಕಾಯಿಸಿ ಎರಡು ಬಣ್ಣದ ಲೇಬಲ್ಲಿನಲ್ಲಿ ಹಾಕಿ ನೋಡ್ತೀನಿ. ವಾಪಸ್ ಯಾವ ಬಣ್ಣದ್ದು ಜಾಸ್ತಿ ಬರುತ್ತದೆ ಅಂತ ಇಲ್ಲೇ ಬರೀತೀನಿ.